ಅಪ್ಪನ ಹಿಂದಿ ಮತ್ತು ತೆಗೆದುಹಾಕಿದ ಏಳು ಜೋಕು

ಮುಂಬೈಗೆ ಕೆಲಸ ಹುಡುಕಿಕೊಂಡು ಬಂದು ಮೊದಲ ದಿನವೇ ಮುಖಭಂಗ ಅನುಭವಿಸಿದವರ ಪಟ್ಟಿ ಮಾಡಿದರೆ ಅದರಲ್ಲಿ ಗಾಂಧೀಜಿಯ ಹೆಸರೂ ಬರುತ್ತದೆ. 1891ರಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಬಂದವರು ಇಲ್ಲಿ ವಕೀಲಿಗೆ ಕುಳಿತರು. ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಮೊಕದ್ದಮೆ ಸಿಕ್ಕಿತು. ಒಂದೇ ದಿನದಲ್ಲಿ ಮುಗಿಯುವ ಸುಲಭದ ಕೇಸು, ಫೀ ಮೂವತ್ತು ರೂಪಾಯಿ. ಎದುರು ಪಕ್ಷದ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದು ನಿಂತರು, ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ, ಕುಳಿತುಬಿಟ್ಟರು. ಫೀ ವಾಪಸ್ ಕೊಡುತ್ತೇನೆ, ಪಟೇಲರನ್ನು ಇಟ್ಟುಕೊಳ್ಳಿ ಎಂದು ಏಜೆಂಟನಿಗೆ ಹೇಳಿ ಹೊರಬಿದ್ದರು. ಪಟೇಲರ ಫೀ ಐವತ್ತೊಂದು ರೂಪಾಯಿ. ಮಮೀಬಾಯಿ ಗೆದ್ದಳೋ ಸೋತಳೋ ಗಾಂಧೀಜಿಗೆ ಗೊತ್ತಾಗಲಿಲ್ಲ.

ಈ ಪ್ರಸಂಗ ಅವರ ಆತ್ಮಕಥೆಯಲ್ಲಿದೆ. ಲಲಿತ ಪ್ರಬಂಧ ಬರೆಯುತ್ತೇನೆಂದು ಬರುವ ಗೆಳೆಯರಿಗೆಲ್ಲ ಆ ಅಧ್ಯಾಯವನ್ನು ಓದಿ ಎನ್ನುತ್ತೇನೆ. ನಾನು ಇಲ್ಲಿನ ಒಂದು ಪ್ರಕಾಶನ ಸಂಸ್ಥೆಯಲ್ಲಿ ಕರಡು ತಿದ್ದುವ ಕೆಲಸದವನು. ಸಂಬಳಕ್ಕೆ ಇಂಗ್ಲಿಷು, ಸಂತೋಷಕ್ಕೆ ಮುಂಬೈ, ಪುಣೆ, ಸೊಲ್ಲಾಪುರದ ಕನ್ನಡಿಗರ ವಾರ್ಷಿಕ ಸಂಚಿಕೆಯೊಂದಕ್ಕೆ ಬರುವ ಬರಹಗಳು. ಊರು ಬಿಟ್ಟವರು ಬರೆಯುವುದರಲ್ಲಿ ಅರ್ಧ ಊರಿನ ನೆನಪು, ಉಳಿದರ್ಧ ಮುಜುಗರ. ಭಾಷೆ ಬಾರದ್ದು, ಊಟದ ಮೇಜಿನ ಮೇಲೆ ಮುಳ್ಳುಚಮಚ ತಿಳಿಯದ್ದು, ಮನೆಯವರು ಬಂದಾಗ ಆದದ್ದು. ಹೆಚ್ಚಿನವರು ಅದನ್ನು ನಗಿಸುತ್ತಲೇ ಹೇಳುತ್ತಾರೆ. ಹೇಳಿ ಮುಗಿಸುವ ಹೊತ್ತಿಗೆ ನಕ್ಕಿರುತ್ತೇವೆ, ಆದರೆ ನಂಬಿರುವುದಿಲ್ಲ.

ಗಾಂಧೀಜಿ ಬರೆದದ್ದರಲ್ಲಿಯೂ ನಗು ಬೇಕಾದಷ್ಟಿದೆ. ಕೇಸಿಲ್ಲದ ದಿನಗಳಲ್ಲಿ ಹೈಕೋರ್ಟಿಗೆ ಹೋಗಿ ಕೂತು ತೂಕಡಿಸುತ್ತಿದ್ದರಂತೆ. ಪಕ್ಕದಲ್ಲಿ ತೂಕಡಿಸುವ ಬೇರೆ ವಕೀಲರನ್ನು ಕಂಡು ನಾಚಿಕೆ ಕಡಿಮೆಯಾಗಿ, ಅಲ್ಲಿ ನಿದ್ದೆ ಮಾಡುವುದೇ ಒಂದು ಫ್ಯಾಷನ್ ಇರಬೇಕು ಎಂದುಕೊಂಡರಂತೆ. ಆಗಿನ ತಮ್ಮ ಅವಸ್ಥೆಯನ್ನು ಹೊಸದಾಗಿ ಅತ್ತೆಮನೆಗೆ ಬಂದ ಮದುಮಗಳಿಗೆ ಹೋಲಿಸಿಕೊಳ್ಳುತ್ತಾರೆ. ಈ ಹೋಲಿಕೆ ಆ ಘಟನೆಗಿಂತ ಮೊದಲು ಬರುವ ಮಾತು. ಘಟನೆಯಾದ ಮೇಲೆ ಮತ್ತೊಂದು: ಇಂಥವನ ಕೈಗೆ ಕೇಸು ಕೊಟ್ಟು ಸೋಲುವಷ್ಟು ಮೂರ್ಖ ಯಾರಿದ್ದಾನು ಎಂಬರ್ಥದ್ದು. ಎದ್ದು ನಿಂತ ಆ ಕ್ಷಣಕ್ಕೆ ಬಂದಾಗಲೂ ನ್ಯಾಯಾಧೀಶರು ನಕ್ಕಿರಬೇಕು, ವಕೀಲರಿಗೆ ಒಳ್ಳೆಯ ತಮಾಷೆ ಸಿಕ್ಕಿರಬೇಕು ಎನ್ನುತ್ತಾರೆ. ಆದರೆ ತಾವು ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ ಎಂದೂ ಸೇರಿಸುತ್ತಾರೆ. ಆಮೇಲೆ ನಾಚಿಕೆಯಾಯಿತು ಎಂದು ಹೇಳುವ ಮಾತಿದೆ. ಅದರಲ್ಲಿ ಉಪಮೆಯಿಲ್ಲ, ಚಮತ್ಕಾರವಿಲ್ಲ. ನಾಚಿಕೆಯಾಯಿತು, ಧೈರ್ಯ ಬರುವವರೆಗೆ ಕೇಸು ಹಿಡಿಯಬಾರದೆಂದು ನಿಶ್ಚಯಿಸಿದೆ, ಇಷ್ಟೇ. ಸುತ್ತಲೂ ನಗು, ನಡುವೆ ಒಂದು ಮಾತು ಬೋಳಾಗಿ ನಿಂತಿದೆ. ನಂಬಿಕೆ ಹುಟ್ಟುವುದು ಅಲ್ಲಿ. ಮೂವತ್ತು, ಐವತ್ತೊಂದು ಎಂಬ ಎರಡು ಅಂಕಿಗಳೂ ಆ ಕೆಲಸಕ್ಕೆ ನೆರವಾಗುತ್ತವೆ. ತನಗಿಂತ ಇಪ್ಪತ್ತೊಂದು ರೂಪಾಯಿ ಹೆಚ್ಚಿಗೆ ಇನ್ನೊಬ್ಬರಿಗೆ ಕೊಡಬೇಕಾಯಿತು ಎಂಬುದನ್ನು ಮೂವತ್ತಕ್ಕೂ ಹೆಚ್ಚು ವರ್ಷ ನೆನಪಿಟ್ಟುಕೊಂಡ ಮನುಷ್ಯನಿಗೆ ನೋವಾಗಿತ್ತು ಎಂದು ಬೇರೆ ಹೇಳಬೇಕಿಲ್ಲ. (ಈ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ನಗುವಿನ ಅಳತೆ ಬಲ್ಲವರ ಕೈಗೇ ಅದು ಸಿಕ್ಕಿದ್ದು ನಮ್ಮ ಪುಣ್ಯ.)

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗ. ಲಂಡನ್ ಬಿಡುವ ಮುನ್ನ ಸಸ್ಯಾಹಾರಿ ಗೆಳೆಯರಿಗೆ ಹಾಲ್ಬರ್ನ್ ರೆಸ್ಟೋರೆಂಟಿನಲ್ಲಿ ಊಟ ಹಾಕಿಸಿದರು. ಭಾಷಣಕ್ಕೆಂದು ಒಂದು ಜೋಕು ಸಿದ್ಧ ಮಾಡಿಕೊಂಡಿದ್ದರು. ಪಾರ್ಲಿಮೆಂಟಿನಲ್ಲಿ ಆ್ಯಡಿಸನ್ ಎಂಬ ಲೇಖಕ ಮೂರು ಸಲ ಒಂದೇ ಶಬ್ದ ಹೇಳಿ ಮುಂದೆ ಹೋಗಲಾಗದೆ ನಗೆಪಾಟಲಾದ ಕಥೆ ಅದು. ಎದ್ದು ನಿಂತಾಗ ಆ ಜೋಕೇ ಮರೆತುಹೋಯಿತು. ಬಂದದ್ದಕ್ಕೆ ವಂದನೆ ಎಂದು ಒಂದು ವಾಕ್ಯ ಹೇಳಿ ಕುಳಿತೆ ಎಂದು ಬರೆಯುತ್ತಾರೆ. ಮಾತು ನಿಂತುಹೋದವನ ಮೇಲಿನ ಜೋಕನ್ನು ಹೇಳಲು ಹೋಗಿ ಮಾತೇ ನಿಂತುಹೋಯಿತು! ಸ್ವಾರಸ್ಯವೆಂದರೆ, ಆ ಊಟದ ವರದಿ ಆಗಿನ ‘ದಿ ವೆಜಿಟೇರಿಯನ್’ ಪತ್ರಿಕೆಯಲ್ಲಿ ಬಂದಿತ್ತು. ಅದರ ಪ್ರಕಾರ ಅವರು ಸ್ವಲ್ಪ ಅಳುಕಿದರೂ ಸೊಗಸಾಗಿಯೇ ಮಾತಾಡಿದ್ದರು, ಗೆಳೆಯನೊಬ್ಬನ ಉಪಕಾರವನ್ನೂ ಸ್ಮರಿಸಿದ್ದರು. ಮುಜುಗರ ನೆನಪಿನಲ್ಲಿ ಹೀಗೆ ಬೆಳೆಯುತ್ತದೆ. ಸತ್ಯಕ್ಕೆ ಪ್ರಾಣ ಕೊಡುವವರ ನೆನಪಿನಲ್ಲೇ ಇಷ್ಟು ಬೆಳೆದಿದ್ದರೆ ನಮ್ಮಂಥವರದು ಎಷ್ಟು? ಅದರ ಮೇಲೆ ನಗಿಸಬೇಕೆಂಬ ಆಸೆಯಿಂದ ಇನ್ನಷ್ಟು ಹಿಗ್ಗಿಸಿದರೆ ಆಮೇಲೆ ಹೇಳಿದ ನಿಜವನ್ನೂ ಓದುಗ ಸಂಶಯದಿಂದ ನೋಡುತ್ತಾನೆ.

ಇನ್ನು ನಮ್ಮ ಸಂಚಿಕೆಗೆ ಕಳೆದ ಸಲ ಬಂದ ಒಂದು ಬರಹಕ್ಕೆ ಬರುತ್ತೇನೆ. ಬರೆದವನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯ, ಹಾವೇರಿ ಕಡೆಯವನು. ಇದನ್ನು ಇಲ್ಲಿ ಹೇಳಲು ಅವನೂ ಅವನ ಅಪ್ಪನೂ ಒಪ್ಪಿದ್ದಾರೆ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಮಗನ ಕಂಪನಿಯವರು ವರ್ಷಕ್ಕೊಮ್ಮೆ ಮನೆಯವರನ್ನೆಲ್ಲ ಕರೆದು ಊಟ ಹಾಕುತ್ತಾರೆ. ಅಪ್ಪ ಆಗ ಪುಣೆಯಲ್ಲಿದ್ದರು, ಕರೆದುಕೊಂಡು ಹೋದ. ಕಾನ್ಪುರದ ಕಡೆಯ ಮ್ಯಾನೇಜರು ಪ್ಲೇಟು ಹಿಡಿದುಕೊಂಡೇ ಬಂದು ಆದರದಿಂದ ಕೇಳಿದರು: “ಆಪ್ ಬಚ್ಚೋಂ ಕೋ ಶಿಕ್ಷಾ ದೇತೇ ಥೇ?”

ಅಪ್ಪ ಎದೆಯುಬ್ಬಿಸಿ, ಸುತ್ತ ಇದ್ದವರಿಗೆಲ್ಲ ಕೇಳುವಂತೆ ಉತ್ತರ ಕೊಟ್ಟರು: “ನಹೀ ಸಾಬ್! ಚಾಲೀಸ್ ಸಾಲ್ ಮೇ ಏಕ್ ಬಚ್ಚೇ ಕೋ ಭೀ ಶಿಕ್ಷಾ ನಹೀ ದಿಯಾ!”

ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ನಲವತ್ತು ವರ್ಷ ಸಂಬಳ ತೆಗೆದುಕೊಂಡು ಒಂದು ಮಗುವಿಗೂ ಪಾಠ ಹೇಳಲಿಲ್ಲ ಎಂದು ಮೇಷ್ಟ್ರು ಸಾರಿದಂತಾಯಿತು. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಮಗನೂ ನಕ್ಕ.

ಇಂಥ ಪ್ರಸಂಗ ಸಿಕ್ಕರೆ ಹಾಸ್ಯ ಬರೆಯುವವನಿಗೆ ಹಬ್ಬ. ಗೆಳೆಯ ಸುಮಾರು ಸಾವಿರದಿನ್ನೂರು ಪದ ಬರೆದು ಕಳಿಸಿದ. ಶುರುವಿನಲ್ಲಿ ಅಪ್ಪ ಸಫಾರಿ ಸೂಟಿನಲ್ಲಿ ಬಂದದ್ದು. ತಾನಾಗಿ ತೆರೆಯುವ ಗಾಜಿನ ಬಾಗಿಲಿಗೆ ನಮಸ್ಕಾರ ಮಾಡಿದ್ದು. ಟೊಪ್ಪಿಗೆ ನೋಡಿ ಸೆಕ್ಯುರಿಟಿಯವನನ್ನೇ ಸಾಹೇಬರೆಂದುಕೊಂಡದ್ದು. ಚೀಲದಲ್ಲಿದ್ದ ಶೇಂಗಾ ಚಟ್ನಿಯ ಬೆಳ್ಳುಳ್ಳಿ ವಾಸನೆ ಲಿಫ್ಟ್ ತುಂಬ ಹಬ್ಬಿದ್ದು. ಎಣಿಸಿದರೆ ಏಳು ಜೋಕು, ಏಳೂ ಅಪ್ಪನ ಮೇಲೆ. ಆಮೇಲೆ ಶಿಕ್ಷಾ ಪ್ರಸಂಗ, ಅದರ ಕೆಳಗೆ ಎರಡೂ ಭಾಷೆಗಳ ಅರ್ಥವ್ಯತ್ಯಾಸದ ಬಗ್ಗೆ ನಾಲ್ಕು ಸಾಲಿನ ವಿವರಣೆ. ಮನೆಗೆ ಮರಳುವಾಗ ಆಟೋದವನ ಜೊತೆ ಅಪ್ಪನ ಮರಾಠಿ, ಅದೊಂದು ಜೋಕು. ಕೊನೆಯಲ್ಲಿ ದಿಢೀರನೆ ಸ್ವರ ಬದಲಾಗಿ, ಅಪ್ಪನೇ ನನ್ನ ದೇವರು, ಅವರ ಮುಗ್ಧತೆಯ ಮುಂದೆ ನಾವೆಲ್ಲ ಸಣ್ಣವರು ಎಂಬ ಪ್ಯಾರಾ.

ನಮ್ಮಲ್ಲಿ ಒಂದು ರೂಢಿಯಿದೆ. ಅಚ್ಚಿಗೆ ಹೋಗುವ ಮೊದಲು ಐದಾರು ಜನ ಭಾನುವಾರ ಕುಳಿತು ಬರಹವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತೇವೆ. ನಕ್ಕರೋ ಇಲ್ಲವೋ ಎಂಬುದಕ್ಕಿಂತ, ಓದು ಮುಗಿದ ಮೇಲೆ ಅವರು ಕೇಳುವ ಮೊದಲ ಪ್ರಶ್ನೆಗೆ ನಾನು ಕಿವಿ ಕೊಡುತ್ತೇನೆ. ಇದಕ್ಕೆ ಎಲ್ಲರೂ ಚೆನ್ನಾಗಿ ನಕ್ಕರು. ಮೊದಲ ಪ್ರಶ್ನೆ: “ಆ ಮ್ಯಾನೇಜರು ಆಮೇಲೆ ಏನಂದ?” ದೇವರಂಥ ಅಪ್ಪನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಏಳು ಜೋಕಿನಲ್ಲಿ ಪೆದ್ದನನ್ನಾಗಿ ಮಾಡಿದ ವ್ಯಕ್ತಿಯನ್ನು ಎಂಟನೇ ಪ್ಯಾರಾದಲ್ಲಿ ಗುಡಿಯಲ್ಲಿ ಕೂರಿಸಿದರೆ ಕೇಳುಗರು ಅಲ್ಲಿಗೆ ಬರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಶಬ್ದಗಳಿವೆ. ಒಂದು ಫಜೀತಿ. ಬಸ್ಸು ತಪ್ಪಿತು, ಚಪ್ಪಲಿ ಅದಲುಬದಲಾಯಿತು, ಇನ್ಯಾರದೋ ಮದುವೆಯಲ್ಲಿ ಉಂಡು ಬಂದೆವು. ಇದನ್ನು ತಲೆಯಿಂದ ಕಾಲಿನವರೆಗೆ ನಗಿಸಿ ಹೇಳಬಹುದು, ಯಾರಿಗೂ ನಷ್ಟವಿಲ್ಲ. ಇನ್ನೊಂದು ನಾಚಿಕೆ. ಅದರಲ್ಲಿ ನಾವು ಎಂಥವರು ಎಂಬುದು ನಮಗೇ ಕಂಡುಹೋಗಿರುತ್ತದೆ. ಈ ಬರಹ ಅಪ್ಪನ ಫಜೀತಿಯಾಗಿ ಬಂದಿತ್ತು. ಅಷ್ಟೇ ಆಗಿದ್ದರೆ ಆ ಕೊನೆಯ ಪ್ಯಾರಾ ಬರೆಯುವ ಅಗತ್ಯ ಅವನಿಗೇಕೆ ಬಿತ್ತು?

ಹೀಗಾಗಿ ಅವನನ್ನು ಕೂರಿಸಿಕೊಂಡು ನಾನು ಯಾವಾಗಲೂ ಮಾಡುವ ಒಂದು ಕೆಲಸ ಮಾಡಿದೆ. ಒಂದೊಂದು ಜೋಕಿಗೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಆ ಜಾಗದಲ್ಲಿ ನಿಜವಾಗಿ ಏನು ನಡೆಯಿತೆಂದು ಒಂದು ಸಾದಾ ವಾಕ್ಯ ಬರೆಯಲು ಹೇಳಿದೆ. ಬಾಗಿಲಿಗೆ ನಮಸ್ಕಾರ? “ಅದು ನಡೆದಿಲ್ಲ, ಸುಮ್ಮನೆ ಸೇರಿಸಿದ್ದು.” ಅದು ಹೋಯಿತು. ಲಿಫ್ಟಿನ ವಾಸನೆ? ನಡೆದದ್ದೇ, ಆದರೆ ಅದರ ಕೆಳಗೆ ಏನೂ ಇರಲಿಲ್ಲ. ಬರೀ ಬೆಳ್ಳುಳ್ಳಿ. ಹೀಗೇ ಸಾಗಿ ಆಟೋದ ಜೋಕಿಗೆ ಬಂದಾಗ ಅವನು ತುಂಬ ಹೊತ್ತು ಪೆನ್ಸಿಲು ಹಿಡಿದು ಕುಳಿತ. ಆಮೇಲೆ ಬರೆದದ್ದು ಇಷ್ಟು:

“ಆಟೋದಲ್ಲಿ ಅಪ್ಪ ಕೇಳಿದರು, ‘ಅವ್ರೆಲ್ಲಾ ಯಾಕ ನಕ್ರು, ತಮ್ಮಾ?’ ನಾನಂದೆ, ‘ನಿಮ್ಮ ಮಾತು ಭಾಳ ಸೇರ್ತು ಅವರಿಗೆ.’”

ಇಡೀ ಬರಹ ಇದ್ದದ್ದು ಇಲ್ಲಿ. ಅದರ ಮೇಲೆ ಆಟೋದವನ ಮರಾಠಿಯನ್ನು ತೇಪೆ ಹಚ್ಚಿದ್ದ. ಮುಜುಗರದ ಬರಹದಲ್ಲಿ ಬರೆಯುವವನು ತೀರ ಬಿಸಿಯಾದ ಜಾಗಕ್ಕೆ ಬಂದಾಗಲೇ ಹಾಸ್ಯ ಹೆಚ್ಚು ಗಟ್ಟಿಯಾಗುತ್ತದೆ. ನಗು ದಟ್ಟವಾಗಿರುವ ಕಡೆ ಪೆನ್ಸಿಲು ಇಟ್ಟರೆ ಸಾಮಾನ್ಯವಾಗಿ ಕೆಳಗೆ ಏನಾದರೂ ಸಿಗುತ್ತದೆ. ಸಿಗದಿದ್ದರೆ ಅದು ಬೆಳ್ಳುಳ್ಳಿ.

ಇನ್ನೊಂದು ಪ್ರಶ್ನೆ ಕೇಳಿದೆ: ಅಲ್ಲಿ ನಗದೇ ಇದ್ದವರು ಯಾರು? ಈ ಪ್ರಶ್ನೆಯಿಂದ ಅನೇಕ ಸಲ ಉಪಯೋಗವಾಗಿದೆ, ಏಕೆಂದರೆ ಮುಜುಗರವನ್ನು ನೆನೆಯುವಾಗ ನಕ್ಕವರ ಮುಖಗಳೇ ಕಣ್ಣೆದುರು ಬರುತ್ತವೆ. ಅವನಿಗೆ ನೆನಪಾಯಿತು. ಸಾತಾರಾ ಕಡೆಯ, ಅಕೌಂಟ್ಸಿನಲ್ಲಿದ್ದ ಹಿರಿಯರೊಬ್ಬರು ನಗಲಿಲ್ಲ. ಆಮೇಲೆ ಅಪ್ಪನ ಹತ್ತಿರ ಬಂದು ಕೈಮುಗಿದು ಏನೋ ಹೇಳಿ ಹೋದರು. ಅದು ವಯಸ್ಸಿಗೆ ಕೊಟ್ಟ ಮರ್ಯಾದೆ ಎಂದು ಇವನು ತಿಳಿದಿದ್ದ. ಆದರೆ ಮರಾಠಿಯಲ್ಲಿ ಶಿಕ್ಷಾ ಎಂದರೆ ಕನ್ನಡದ ಶಿಕ್ಷೆಯೇ. ವಿದ್ಯೆಗೆ ಅವರೂ ನಮ್ಮ ಹಾಗೆ ಶಿಕ್ಷಣ ಎನ್ನುತ್ತಾರೆ. ಕಾನ್ಪುರದವರ ಕಿವಿಗೆ ಬಿದ್ದದ್ದು ಪಾಠವನ್ನೇ ಹೇಳದ ಮೇಷ್ಟ್ರು. ಸಾತಾರಾದವರ ಕಿವಿಗೆ ಬಿದ್ದದ್ದು ಅಪ್ಪ ನಿಜವಾಗಿ ಹೇಳಿದ ಮಾತು: ಇಷ್ಟು ವರ್ಷಗಳಲ್ಲಿ ಒಂದು ಮಗುವನ್ನೂ ದಂಡಿಸಲಿಲ್ಲ. ತಮ್ಮ ಬದುಕಿನ ದೊಡ್ಡ ಹೆಮ್ಮೆಯನ್ನು ಅಪ್ಪ ತುಂಬಿದ ಸಭೆಯಲ್ಲಿ ಹೇಳಿದ್ದರು. ಅರ್ಥವಾಗಿಯೂ ನಕ್ಕವನು ಅಲ್ಲಿ ಒಬ್ಬನೇ, ಮಗ.

ಇದು ಗೊತ್ತಾದ ಮೇಲೆ ತಿದ್ದುವುದು ಕಷ್ಟವಾಗಲಿಲ್ಲ. ಅಪ್ಪನ ಮೇಲಿನ ಏಳೂ ಜೋಕು ಹೋದವು. ಹಾಗೆಂದು ಬರಹ ಸಪ್ಪೆಯಾಗಬಾರದು, ನಗು ಬೇಕೇ ಬೇಕು; ಅದನ್ನು ಮಗನ ಕಡೆ ತಿರುಗಿಸಿದೆವು. ಅವನು ಹಿಂದಿನ ಎರಡು ದಿನ ಅಪ್ಪನಿಗೆ ತರಬೇತಿ ಕೊಟ್ಟಿದ್ದನಂತೆ: ಏನು ಕೇಳಿದರೂ ಥ್ಯಾಂಕ್ಯೂ ಅಂದರೆ ಸಾಕು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ಊಟದ ಹೊತ್ತಿನಲ್ಲಿ ಅಪ್ಪನಿಗೂ ಮ್ಯಾನೇಜರಿಗೂ ನಡುವೆ ಫುಟ್‌ಬಾಲಿನ ಗೋಲ್‌ಕೀಪರ್ ಹಾಗೆ ಆ ಕಡೆ ಈ ಕಡೆ ಸರಿದಾಡುತ್ತಿದ್ದನಂತೆ. ಗುಲಾಬ್ ಜಾಮೂನಿಗೆ ಎಂದು ಒಂದೇ ಒಂದು ನಿಮಿಷ ಗೋಲು ಬಿಟ್ಟ, ಅಷ್ಟರಲ್ಲಿ ಆದದ್ದು ಇದು. ಇವೆಲ್ಲ ನಡೆದದ್ದೇ, ಮೊದಲ ಕರಡಿನಲ್ಲಿ ಒಂದಕ್ಕೂ ಜಾಗವಿರಲಿಲ್ಲ. ಈಗ ಓದುಗ ನಗುತ್ತಾನೆ, ಆ ನಗುವಿನೊಳಗೇ ಈ ಮಗನಿಗೆ ಎಂಥ ಭಯವಿತ್ತೆಂಬುದೂ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರ. ನಗುವನ್ನು ತನ್ನ ಮೇಲೆ ತಿರುಗಿಸಿಕೊಳ್ಳಿ ಎಂದ ಕೂಡಲೇ ಕೆಲವರು ಅತಿಗೆ ಹೋಗುತ್ತಾರೆ. ಇವನೂ ಒಂದು ಕಡೆ, ನನ್ನಂಥ ಕತ್ತೆ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಬರೆದ. ಕತ್ತೆ ಎಂದವನಿಗೆ ಓದುಗ ಛೇ ಛೇ, ಹಾಗೇನಿಲ್ಲ ಎನ್ನಬೇಕಾಗುತ್ತದೆ. ಅದು ಬೈಗುಳದ ವೇಷದಲ್ಲಿ ಬಂದ ಸಮಾಧಾನದ ಬೇಡಿಕೆ. ಗೋಲ್‌ಕೀಪರ್ ಹಾಗೆ ಏನನ್ನೂ ಬೇಡುವುದಿಲ್ಲ. ಅವನು ಏನು ಮಾಡಿದ ಎಂದು ತೋರಿಸಿ ಸುಮ್ಮನಾಗುತ್ತದೆ.

ಶಬ್ದದ ವಿವರಣೆಯನ್ನು ಘಟನೆಯ ನಂತರದಿಂದ ಎತ್ತಿ ಬಹಳ ಮೊದಲೇ ಇಟ್ಟೆವು. ನಗು ಬಂದ ಮೇಲೆ ಅರ್ಥ ಹೇಳಿದರೆ ನಗುವೂ ಸಾಯುತ್ತದೆ, ಅದರ ಹಿಂದೆಯೇ ಬರಬೇಕಾದ ಮೌನವೂ ಸಾಯುತ್ತದೆ. ಹಿಂದಿಯ ಸರ್ವ ಶಿಕ್ಷಾ ಅಭಿಯಾನ ಕರ್ನಾಟಕಕ್ಕೆ ಬರುವಾಗ ಸರ್ವ ಶಿಕ್ಷಣ ಅಭಿಯಾನವಾಯಿತಲ್ಲ, ಆಗದಿದ್ದರೆ ಊರಿನ ಮಕ್ಕಳಿಗೆಲ್ಲ ಸಾಮೂಹಿಕ ದಂಡನೆ ಎಂದು ಜನ ತಿಳಿಯುತ್ತಿದ್ದರು ಎಂಬ ಮಾತನ್ನು ಎರಡನೇ ಪ್ಯಾರಾದಲ್ಲಿ ಪುಣೆಯ ಭಾಷೆಗಳ ಬಗ್ಗೆ ಹೇಳುತ್ತಾ ತಂದ. ಓದುಗ ಅಲ್ಲಿ ಒಮ್ಮೆ ನಕ್ಕು ಮರೆತಿರುತ್ತಾನೆ. ಅಪ್ಪ ಬಾಯಿ ತೆರೆದಾಗ ಎಲ್ಲವೂ ತಾನಾಗಿ ಅರ್ಥವಾಗುತ್ತದೆ.

ಆಮೇಲೆ ಸಭೆ ನಕ್ಕಿತು, ನಾನೂ ನಕ್ಕೆ. ಆಟೋ. ಎರಡು ಸಾಲಿನ ಮಾತು. ಅಲ್ಲಿ ಒಂದು ವಿಶೇಷಣವನ್ನೂ ಸೇರಿಸಬೇಡ ಎಂದೆ. ದೇವರ ಪ್ಯಾರಾ ಬಿದ್ದುಹೋಯಿತು, ಅವನಿಗೂ ಬೇಸರವಾಗಲಿಲ್ಲ. ಆದರೆ ಅದರ ಜಾಗದಲ್ಲಿ ಅವನೇ ಒಂದನ್ನು ತಂದ: ಮರುದಿನ ಅಪ್ಪ ಊರಿನ ಮಾಜಿ ಹೆಡ್‌ಮಾಸ್ಟರಿಗೆ ಫೋನು ಮಾಡಿ, ಇವನ ಸಾಹೇಬರಿಗೆ ತಮ್ಮ ಹಿಂದಿ ಎಷ್ಟು ಸೇರಿತೆಂದು ಅರ್ಧ ಗಂಟೆ ಹೇಳಿದರಂತೆ, ಪಕ್ಕದ ಕೋಣೆಯಲ್ಲಿ ಇವನು ಲ್ಯಾಪ್‌ಟಾಪ್ ತೆರೆದು ಕೂತಿದ್ದನಂತೆ. ಓದಿದರೆ ತುಟಿಯಲ್ಲಿ ನಗು ಬರುತ್ತದೆ, ಪೂರ್ತಿ ಬರುವುದಿಲ್ಲ. ನೋವಿನ ಮಾತಾದ ಮೇಲೂ ಹಾಸ್ಯ ಬರಬಹುದು. ಅದು ಆದದ್ದನ್ನು ಅಳಿಸಬಾರದು ಅಷ್ಟೇ. ಇದು ಅಳಿಸುವುದಿಲ್ಲ, ಇನ್ನೂ ಒತ್ತುತ್ತದೆ.

ಸಾತಾರಾದವರನ್ನು ಎಲ್ಲಿಡಬೇಕೆಂದು ಬಹಳ ಚರ್ಚೆಯಾಯಿತು. ಕೊನೆಗೆ ಇಟ್ಟರೆ ಎಲ್ಲ ಸರಿಹೋದ ಹಾಗಾಗಿ ಮಗನ ನಾಚಿಕೆಗೆ ಬೀಗ ಬೀಳುತ್ತಿತ್ತು. ನಗುವಿಗೂ ಆಟೋಗೂ ನಡುವೆ ಎರಡೇ ವಾಕ್ಯದಲ್ಲಿ, ವಿವರಣೆಯಿಲ್ಲದೆ ಇಟ್ಟೆವು. ಮರಾಠಿ ಬಲ್ಲ ನಮ್ಮ ಓದುಗರಿಗೆ ಅಷ್ಟು ಸಾಕು.

ಎರಡನೇ ಭಾನುವಾರದ ಓದಿನಲ್ಲಿ ಮೊದಲಿನಷ್ಟು ನಗಲಿಲ್ಲ. ಆದರೆ ಓದು ಮುಗಿದಾಗ ಕೇಳಿದ ಪ್ರಶ್ನೆ ಬೇರೆಯಾಗಿತ್ತು: “ಅಪ್ಪನಿಗೆ ಈಗ ಗೊತ್ತಾ?”

ಗೊತ್ತಿರಲಿಲ್ಲ. ಇಲ್ಲಿ ಹಾಸ್ಯದ ಯಾವ ಕುಶಲತೆಯೂ ನೆರವಿಗೆ ಬರುವುದಿಲ್ಲ. ಬದುಕಿರುವ, ಕನ್ನಡ ಓದುವ, ಸಂಚಿಕೆ ಬಂದ ಕೂಡಲೇ ಕನ್ನಡಕ ಹಾಕಿಕೊಳ್ಳುವ ಮನುಷ್ಯರು ಅವರು. ಅವರ ಮುಂದೆ ಓದದೆ ಅಚ್ಚು ಮಾಡುವುದಿಲ್ಲ ಎಂದೆ. ಒಪ್ಪದಿದ್ದರೆ ಬರಹವನ್ನು ಕೈಬಿಡಲೂ ಸಿದ್ಧರಿದ್ದೆವು. ಹಾಗೆ ಕೈಬಿಟ್ಟ ಒಳ್ಳೆಯ ಬರಹಗಳು ನನ್ನ ಡ್ರಾಯರಿನಲ್ಲಿ ಮೂರಿವೆ.

ಗೆಳೆಯ ಹಾವೇರಿಗೆ ಹೋಗಿ ಓದಿದ. ಅಪ್ಪ ಗೋಲ್‌ಕೀಪರ್ ಮಾತಿಗೆ ಜೋರಾಗಿ ನಕ್ಕರಂತೆ. ಆಟೋದ ಮಾತು ಬಂದಾಗ ಏನೂ ಅನ್ನಲಿಲ್ಲ. ಪೂರ್ತಿ ಕೇಳಿ, ಹಾಳೆ ಇಸಿದುಕೊಂಡು, ಕೆಂಪು ಪೆನ್ನು ತರಿಸಿದರು. ಎರಡು ಕಡೆ ತಿದ್ದಿದರು. ಒಂದು, ಸೇವೆ ನಲವತ್ತು ವರ್ಷವಲ್ಲ, ಮೂವತ್ತಾರು. ಹಿಂದಿಯಲ್ಲಿ ಛತ್ತೀಸ್ ಎನ್ನುವುದು ಅಂದು ನೆನಪಾಗಲಿಲ್ಲ, ಚಾಲೀಸ್ ಬಂತು. ಎರಡನೆಯದನ್ನು ಅಂಚಿನಲ್ಲಿ ಬರೆದರು: “ಒಬ್ಬರಿಗೂ ಹೊಡೆದಿಲ್ಲ ಅನ್ನೂದು ಸುಳ್ಳು. ಮೂರನೇ ಇಯತ್ತೆಯೊಳಗ ನಿನಗ ಎರಡು ಏಟು ಹಾಕೀನಿ.”

ಆ ಮಾತಿನಿಂದಲೇ ಬರಹ ಮುಗಿಸೋಣ ಎಂದು ಎಲ್ಲರಿಗೂ ಅನಿಸಿತು. ಬೇಡವೆಂದೆ. ಕೊನೆಯಲ್ಲಿ ಇಟ್ಟರೆ ಅಪ್ಪ ಕ್ಷಮಿಸಿಬಿಟ್ಟರು ಎಂದು ಓದುಗ ಹಗುರಾಗಿ ಎದ್ದು ಹೋಗುತ್ತಾನೆ. ಕ್ಷಮಿಸಿದರೋ ಇಲ್ಲವೋ ಮಗನಿಗೆ ಇನ್ನೂ ಗೊತ್ತಿಲ್ಲ. ಆ ಎರಡು ಏಟು ಈಗ ಬರಹದ ಮೊದಲ ಪ್ಯಾರಾದಲ್ಲಿವೆ, ಶಾಲೆಯ ವರ್ಣನೆಯ ಜೊತೆ. ಅಪ್ಪ ಹಿಂದಿಯಲ್ಲಿ ಏಕ್ ಬಚ್ಚೇ ಕೋ ಭೀ ಎನ್ನುವಾಗ ಓದುಗನಿಗೆ ಅವು ನೆನಪಿರುತ್ತವೆ. ಚಾಲೀಸ್ ಅನ್ನು ಹಾಗೆಯೇ ಬಿಟ್ಟೆವು, ಅಂದು ಅವರು ಅಂದದ್ದು ಅದೇ ತಾನೆ. ಸಂಚಿಕೆ ಬಂದ ಮೇಲೆ ಅದರ ಬಗ್ಗೆ ಅವರಿಂದ ಒಂದು ಪೋಸ್ಟ್‌ಕಾರ್ಡು ಬಂತು, ತಿದ್ದುಪಡಿ ಹಾಕಿಲ್ಲವೆಂದು.